ಊರಿಗೆ ಹೋಗುವ ಮುನ್ನ ನೆರೆಯವರಿಗೊಂದು ಚೀಟಿ



ಯುಗಾದಿ ಕಳೆಯಿತೆಂದರೆ ಉತ್ತರ ಪಿನಾಕಿನಿ ದಡದ ವಿದುರಾಶ್ವತ್ಥದ ಸುತ್ತಿನ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಹೊರಡುವ ಕಾಲ ಬರುತ್ತದೆ. ಮಗಳ ಬಾಣಂತನ, ನೆಂಟರ ಮದುವೆ, ತಿರುಪತಿ ಯಾತ್ರೆ, ಬೆಂಗಳೂರಿನ ಆಸ್ಪತ್ರೆ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಎಂಟು ಹತ್ತು ದಿನ ಊರು ಬಿಡಬೇಕಾಗುತ್ತದೆ. ದನಕರುಗಳನ್ನು ಯಾರಿಗಾದರೂ ಒಪ್ಪಿಸಿಯೇ ಹೋಗುತ್ತೇವೆ. ಹಿತ್ತಲಿನ ಗಿಡಗಳ ಸರದಿ ಬಂದಾಗ ಮಾತ್ರ ಬಸ್ಸಿಗೆ ಹೊರಟ ಗಳಿಗೆಯಲ್ಲಿ, "ಅಕ್ಕಾ, ಗಿಡಗಳಿಗೆ ದಿನಾ ಒಂದಿಷ್ಟು ನೀರು ಹಾಕಿ" ಎಂದು ಬೇಲಿಯಾಚೆಗೆ ಕೂಗಿ ಹೇಳಿ ಹೊರಟುಬಿಡುತ್ತೇವೆ.

ಈ ಒಂದು ಮಾತಿನಿಂದ ಗಿಡಗಳು ಸತ್ತದ್ದನ್ನು ನಾನು ಕಂಡಿದ್ದೇನೆ. ನಮ್ಮ ಭಾಗದ ರೈತರೊಬ್ಬರು ಹತ್ತು ದಿನ ಮಗಳ ಊರಿಗೆ ಹೋಗಿ ಬಂದಾಗ ಅವರ ಆರು ಪರಂಗಿ ಗಿಡಗಳಲ್ಲಿ ನಾಲ್ಕು ಬುಡ ಕೊಳೆತು ಬಾಗಿದ್ದವು. ನೆರೆಯಾಕೆ ನೀರು ಹಾಕುವುದನ್ನು ಮರೆತಿರಲೇ ಇಲ್ಲ. ಹೇಳಿದ ಹಾಗೆ ದಿನವೂ ಹಾಕಿದ್ದರು. ಮಧ್ಯಾಹ್ನ ಎಲೆ ಜೋತು ಬಿದ್ದುದನ್ನು ಕಂಡು ಕನಿಕರದಿಂದ ಇನ್ನೊಂದು ಕೊಡ ಹೆಚ್ಚಿಗೆ ಸುರಿದಿದ್ದರು. ತಪ್ಪು ಅವರದಲ್ಲ. ಎಷ್ಟು ನೀರು, ಯಾವಾಗ, ಯಾವ ಗುರುತು ಕಂಡರೆ ಬೇಡ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದಿಡುವುದು ಹೇಗೆಂದು ಈ ವಾರ ನೋಡೋಣ.

ದಿನ ನೋಡುವುದಕ್ಕೆ, ನೀರು ಹಾಕುವುದು ಕೈ ನೋಡಿ

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಈ ವಿಷಯದಲ್ಲಿ ಪರಂಗಿ ತೀರ ಸೂಕ್ಷ್ಮ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಸಾಕು, ಬುಡ ಕೊಳೆ ರೋಗ ಹತ್ತಿಬಿಡುತ್ತದೆ. ಒಂದು ದಿನ ನೀರು ತಪ್ಪಿದ ಗಿಡವನ್ನು ಉಳಿಸಿಕೊಳ್ಳಬಹುದು, ಬುಡ ಕೊಳೆತ ಗಿಡವನ್ನು ಉಳಿಸಲಾಗದು. ಆದ್ದರಿಂದ ಚೀಟಿಯಲ್ಲಿ ಬರೆಯುವ ದಿನಗಳು ಮಣ್ಣನ್ನು ಪರೀಕ್ಷಿಸುವ ದಿನಗಳಾಗಿರಬೇಕು. ನೀರು ಹಾಕಬೇಕೇ ಬೇಡವೇ ಎಂಬುದನ್ನು ಆ ದಿನ ಕೈಯಲ್ಲಿ ಹಿಡಿದ ಮಣ್ಣು ಹೇಳಬೇಕು.

ಪರೀಕ್ಷೆ ಸುಲಭ. ಮೇಲಿನ ಹೊದಿಕೆ ಸರಿಸಿ, ಪಾತಿಯ ಅಂಚಿನಲ್ಲಿ ಕುರ್ಪಿಯಿಂದ ಅಗೆದು ಮಣ್ಣು ತೆಗೆಯಿರಿ. ಟೊಮೇಟೊಗೆ ನಾಲ್ಕು ಬೆರಳು ಆಳ, ಮಾವು ಪರಂಗಿಗೆ ಅರ್ಧ ಗೇಣು. ಮೇಲಿನ ಮಣ್ಣು ನಮ್ಮ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುವುದರಿಂದ ಅದನ್ನು ನೋಡಿ ತೀರ್ಮಾನಿಸಬಾರದು. ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ ಕೈ ಬಿಡಿಸಿ. ಉಂಡೆ ನಿಂತು, ಅಂಗೈಯಲ್ಲಿ ಒಮ್ಮೆ ಮೆಲ್ಲಗೆ ಎಗರಿಸಿದರೂ ಒಡೆಯದಿದ್ದರೆ ಇಂದು ನೀರು ಬೇಡ, ನಾಳೆ ಮತ್ತೆ ನೋಡಬೇಕು. ಎಗರಿಸಿದಾಗ ಪುಡಿಯಾದರೆ, ಅಥವಾ ಉಂಡೆಯೇ ಕಟ್ಟದಿದ್ದರೆ, ನೀರು ಹಾಕಬೇಕು.

ಗೌರಿಬಿದನೂರು ಸೀಮೆಯ ಮರಳು ಮಿಶ್ರಿತ ಕೆಂಪು ಮಣ್ಣಿಗೆ ಈ ಲೆಕ್ಕ ಸರಿಹೋಗುತ್ತದೆ. ನಿಮ್ಮ ಹಿತ್ತಲಿಗೆ ಕೆರೆ ಗೋಡು ಹೊಡೆಸಿದ್ದರೆ ಮಾತ್ರ ಎಚ್ಚರ. ಗೋಡು ಮಣ್ಣು ಅಂಟಿನದು, ಗಿಡಕ್ಕೆ ಬಾಯಾರಿಕೆ ಆದ ಮೇಲೂ ಉಂಡೆ ಕಟ್ಟುತ್ತದೆ. ಹಾಗಿದ್ದರೆ ನೀವೇ ಹೊರಡುವ ವಾರಕ್ಕೆ ಮೊದಲು, ನೀರು ಹಾಕಬೇಕೆಂದು ನಿಮಗನಿಸಿದ ದಿನ ಮಣ್ಣು ಕೈಗೆ ಹೇಗೆ ಸಿಕ್ಕುತ್ತದೆಂದು ನೋಡಿಕೊಂಡು, ಅದನ್ನೇ ನೆರೆಯವರ ಕೈಯಲ್ಲೂ ಹಿಡಿಸಿ ತೋರಿಸಿ.

ಕೊಡದ ಲೆಕ್ಕ

"ಒಂದಿಷ್ಟು" ಎಂಬುದು ಅಳತೆಯಲ್ಲ. ನೆರೆಮನೆಯಲ್ಲೂ ನಿಮ್ಮ ಮನೆಯಲ್ಲೂ ಇರುವ ಪ್ಲಾಸ್ಟಿಕ್ ಕೊಡವನ್ನೇ ಅಳತೆ ಮಾಡಿಕೊಳ್ಳಿ. ಸಾಮಾನ್ಯವಾಗಿ ಅದಕ್ಕೆ 15 ಲೀಟರ್ ಹಿಡಿಯುತ್ತದೆ, ಆದರೆ 10 ಲೀಟರಿನ ಸಣ್ಣ ಕೊಡಗಳೂ ಉಂಟು. ಒಮ್ಮೆ ಲೀಟರ್ ಸೀಸೆಯಿಂದ ತುಂಬಿಸಿ ಅಳೆದುಬಿಡಿ.

ಒಂದು ಹಿತ್ತಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕಳೆದ ಮುಂಗಾರಿನಲ್ಲಿ ನೆಟ್ಟ 8 ಕಸಿ ಮಾವು, 3 ಅಡಿ ಅಗಲದ ಪಾತಿ. ನಾಲ್ಕು ತಿಂಗಳಿನ 6 ಪರಂಗಿ. ಕಾಯಿ ಹಿಡಿದ 20 ಟೊಮೇಟೊ. ಮನೆಯವರು ಭಾನುವಾರ ಎಲ್ಲಕ್ಕೂ ನೀರು ಕಟ್ಟಿ ಸೋಮವಾರ ಬೆಳಿಗ್ಗೆ ಹೊರಡುತ್ತಾರೆ, ಮುಂದಿನ ವಾರದ ಬುಧವಾರ ಸಂಜೆ ಬರುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಮಾವಿಗೆ ನಾಲ್ಕು ದಿನಕ್ಕೊಮ್ಮೆ 2 ಕೊಡ, ಪರಂಗಿಗೆ ಮೂರು ದಿನಕ್ಕೊಮ್ಮೆ 1 ಕೊಡ, ಟೊಮೇಟೊಗೆ ದಿನ ಬಿಟ್ಟು ದಿನ ನಾಲ್ಕು ಗಿಡಕ್ಕೆ 1 ಕೊಡದಂತೆ ಹಂಚಿ ಹಾಕಬಹುದು.

ಇಷ್ಟನ್ನು ಹಾಗೆಯೇ ಬರೆದುಕೊಟ್ಟರೆ ಮೊದಲ ವಾರದ ಗುರುವಾರ ಮಾವಿಗೆ 16, ಟೊಮೇಟೊಗೆ 5, ಒಟ್ಟು 21 ಕೊಡ ಬೀಳುತ್ತದೆ. ಮನೆಗೆಲಸ ಮುಗಿಸಿ ಬಂದು 21 ಕೊಡ ಹೊರುವುದು ಯಾರಿಗೂ ಹಗುರವಲ್ಲ. ಅಂಥ ದಿನವೇ ಗಿಡಕ್ಕೆ ಅರ್ಧ ಕೊಡದಂತೆ ಹಾಕಿ ಮುಗಿಸುವುದು ನಡೆಯುತ್ತದೆ. ಆದ್ದರಿಂದ ಮಾವನ್ನು ಎರಡು ಪಾಲು ಮಾಡಿ, ನಾಲ್ಕು ಗಿಡ ಗುರುವಾರಕ್ಕೆ, ಇನ್ನು ನಾಲ್ಕು ಶುಕ್ರವಾರಕ್ಕೆ ಇಡಿ. ಹೊದಿಕೆ ಹಾಕಿದ ಪಾತಿಗೆ ಒಂದು ದಿನದ ತಡ ತೊಂದರೆ ಕೊಡದು. ಹೀಗೆ ಮಾಡಿದರೆ ಯಾವ ದಿನವೂ 14 ಕೊಡ ಮೀರುವುದಿಲ್ಲ, ಎರಡು ದಿನ ಕೊಡ ಹೊರುವ ಕೆಲಸವೇ ಇಲ್ಲ. ಹತ್ತು ದಿನಕ್ಕೆ ಒಟ್ಟು 75 ಕೊಡ, ಅಂದರೆ ಸುಮಾರು 1125 ಲೀಟರ್. ನಿಮ್ಮ ತೊಟ್ಟಿಗೆ ಎಷ್ಟು ಹಿಡಿಯುತ್ತದೆ, ಎಷ್ಟು ಸಲ ತುಂಬಿಸಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಹನಿ ನೀರಾವರಿ ಇದ್ದರೆ ಕೊಡದ ಬದಲು ಗಂಟೆ ಬರೆಯಿರಿ. ಗಂಟೆಗೆ 4 ಲೀಟರಿನ ಹನಿಗುಂಡಿ ಎರಡಿದ್ದರೆ 30 ಲೀಟರಿಗೆ ಸುಮಾರು ಮೂರೂಮುಕ್ಕಾಲು ಗಂಟೆ ಬೇಕು. ಹೊರಡುವ ಮೊದಲು ಪ್ರತಿ ಹನಿಗುಂಡಿಯ ಕೆಳಗೆ ಲೀಟರ್ ಪಾತ್ರೆ ಇಟ್ಟು ನೋಡಿ, 15 ನಿಮಿಷಕ್ಕೆ ತುಂಬಬೇಕು. ಕೊಳವೆಬಾವಿಯ ಗಡಸು ನೀರಿನ ಉಪ್ಪು ಕಟ್ಟಿಕೊಂಡ ಹನಿಗುಂಡಿಗೆ ನೆರೆಯವರು ಎಷ್ಟು ಗಂಟೆ ಬಿಟ್ಟರೂ ಗಿಡಕ್ಕೆ ನೀರು ಸಿಗದು.

ಹೊರಡುವ ಹಿಂದಿನ ದಿನ

ಮಾವಿನ ಪಾತಿಗೆ ಕಡಲೆಕಾಯಿ ಸಿಪ್ಪೆ ಅಥವಾ ಒಣಗಿದ ಹೊಂಗೆ ಸೊಪ್ಪನ್ನು ನಾಲ್ಕು ಬೆರಳು ದಪ್ಪ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಕೆಂಪು ಮಣ್ಣಿನಲ್ಲಿ ಒಣ ಹೊದಿಕೆಗೆ ಗೆದ್ದಲು ಬರುವುದುಂಟು, ತಾಗಿದ್ದರೆ ಅಲ್ಲಿಂದ ನೇರ ಕಾಂಡಕ್ಕೆ ಏರುತ್ತದೆ. ಪರಂಗಿಯ ಬುಡಕ್ಕೆ ಮಣ್ಣೇರಿಸಿ, ನೀರು ಸುತ್ತಲಿನ ಕಾಲುವೆಯಲ್ಲಿ ನಿಲ್ಲುವಂತೆ ಮಾಡಿ. ಬಣ್ಣಕ್ಕೆ ತಿರುಗಿದ ಟೊಮೇಟೊ ಎಲ್ಲ ಕಿತ್ತುಬಿಡಿ.

ಈಗ ಪ್ರತಿ ಗಿಡದ ಬಳಿ ಒಂದು ಗೂಟ ನೆಟ್ಟು ಸುಣ್ಣದಲ್ಲಿ ಗೆರೆ ಎಳೆಯಿರಿ. ಎರಡು ಕೊಡಕ್ಕೆ ಎರಡು ಗೆರೆ, ಒಂದು ಕೊಡಕ್ಕೆ ಒಂದು ಗೆರೆ. ಟೊಮೇಟೊ ಸಾಲಿನಲ್ಲಿ ನಾಲ್ಕು ಗಿಡಕ್ಕೊಂದು ಗೂಟ, ಅದಕ್ಕೆ ಒಂದು ಗೆರೆ. ಶುಕ್ರವಾರದ ಮಾವಿಗೆ ಕೆಂಪು ಬಟ್ಟೆ ಕಟ್ಟಿ. ನಮ್ಮ ಗಡಿ ಭಾಗದಲ್ಲಿ ಅನೇಕ ಮನೆಗಳ ಮಾತು ತೆಲುಗು, ಹಿರಿಯರಲ್ಲಿ ಓದು ಬಾರದವರೂ ಇದ್ದಾರೆ. ಗೆರೆ ಎಲ್ಲರಿಗೂ ಅರ್ಥವಾಗುತ್ತದೆ. ಚೀಟಿಯನ್ನು ಆ ಮನೆಯ ಶಾಲೆಗೆ ಹೋಗುವ ಮಗುವಿನಿಂದ ಒಮ್ಮೆ ಗಟ್ಟಿಯಾಗಿ ಓದಿಸಿ. ಆಮೇಲೆ ನೆರೆಯವರೊಡನೆ ಹಿತ್ತಲು ಸುತ್ತಿ, ಒಂದು ಮಾವಿನ ಬುಡದ ಮಣ್ಣನ್ನು ಅವರ ಕೈಯಿಂದಲೇ ಉಂಡೆ ಕಟ್ಟಿಸಿ ನೋಡಿ.

ಚೀಟಿ ಹೀಗಿರಲಿ

"ಪಕ್ಕದ ಮನೆ ಅಕ್ಕನವರಿಗೆ ನಮಸ್ಕಾರ.

ನಾವು ಬರುವ ಬುಧವಾರ ಸಂಜೆ ತನಕ ಇರುವುದಿಲ್ಲ. ದಿನಾ ಬೆಳಿಗ್ಗೆ ಬಿಸಿಲೇರುವ ಮೊದಲು ಒಂದು ಸುತ್ತು ನೋಡಿ. ಎಲ್ಲಕ್ಕೂ ದಿನಾ ನೀರು ಬೇಡ.

ಮಂಗಳವಾರ ಟೊಮೇಟೊ. ಬುಧವಾರ ಪರಂಗಿ. ಗುರುವಾರ ಟೊಮೇಟೊ, ಬಟ್ಟೆ ಇಲ್ಲದ ನಾಲ್ಕು ಮಾವು. ಶುಕ್ರವಾರ ಕೆಂಪು ಬಟ್ಟೆಯ ನಾಲ್ಕು ಮಾವು. ಶನಿವಾರ ಟೊಮೇಟೊ, ಪರಂಗಿ. ಭಾನುವಾರ ಏನೂ ಇಲ್ಲ. ಮರು ಸೋಮವಾರ ಟೊಮೇಟೊ, ಬಟ್ಟೆ ಇಲ್ಲದ ಮಾವು. ಮಂಗಳವಾರ ಪರಂಗಿ, ಕೆಂಪು ಬಟ್ಟೆಯ ಮಾವು. ಬುಧವಾರ ಟೊಮೇಟೊ.

ಹಾಕುವ ಮೊದಲು ನಾನು ತೋರಿಸಿದಂತೆ ಮಣ್ಣು ಅದುಮಿ ನೋಡಿ. ಉಂಡೆ ಒಡೆಯದಿದ್ದರೆ ಆ ದಿನ ಬೇಡ, ಮರುದಿನ ನೋಡಿ. ಹಾಕಿದ ದಿನದಿಂದ ಮುಂದೆ ಎಣಿಸಿ. ಗೂಟದ ಮೇಲೆ ಎಷ್ಟು ಗೆರೆಯೋ ಅಷ್ಟು ಕೊಡ. ಎಲೆಯ ಮೇಲೆ ಸುರಿಯಬೇಡಿ, ಪಾತಿಗೆ ಹಾಕಿ.

ಮಧ್ಯಾಹ್ನ ಎಲೆ ಬಾಡಿದ್ದರೆ ಬಿಟ್ಟುಬಿಡಿ. ಬೆಳಗ್ಗೆಯೂ ಬಾಡಿದ್ದು ಮಣ್ಣು ಒಣಗಿದ್ದರೆ ಅವತ್ತೇ ನೀರು ಹಾಕಿ. ಬೆಳಗ್ಗೆ ಬಾಡಿದ್ದು ಮಣ್ಣು ಹಸಿಯಾಗಿದ್ದರೆ ಆ ಗಿಡಕ್ಕೆ ನೀರು ನಿಲ್ಲಿಸಿ, ನನಗೆ ಫೋನು ಮಾಡಿ.

ಕರೆಂಟು ಬಂದಾಗ ತೊಟ್ಟಿ ತುಂಬಿಸಿಕೊಳ್ಳಿ. ನೀರು ಬಿಟ್ಟು ಬಿಟ್ಟು ಬಂದರೆ ತಕ್ಷಣ ಮೋಟಾರು ನಿಲ್ಲಿಸಿ.

ಔಷಧಿ, ಗೊಬ್ಬರ ಏನೂ ಹಾಕಬೇಡಿ. ಹೊರಡುವಾಗ ತಡಿಕೆ ಕಟ್ಟಿ, ಮೇಕೆಗಳು ಬರುತ್ತವೆ. ಹಣ್ಣಾದ ಟೊಮೇಟೊ ಎಲ್ಲ ನೀವೇ ಕಿತ್ತು ಬಳಸಿ. ಹಣ್ಣು ಗಿಡದಲ್ಲಿ ಉಳಿಯಬಾರದು."

ಕೆಲವು ಮಾತುಗಳ ಹಿಂದಿನ ಕಾರಣ

ಚೀಟಿಯ ಒಂದೆರಡು ಸಾಲುಗಳ ಕಾರಣವನ್ನು ನೀವು ತಿಳಿದಿದ್ದರೆ, ನೆರೆಯವರು ಕೇಳಿದಾಗ ಹೇಳಬಹುದು.

ಮಧ್ಯಾಹ್ನದ ಬಿಸಿಲಿನಲ್ಲಿ ಎಲೆಯಿಂದ ಆವಿಯಾಗುವ ನೀರನ್ನು ಬೇರು ಅಷ್ಟೇ ಬೇಗ ಒದಗಿಸಲಾರದು. ಆಗ ಹಸಿ ಮಣ್ಣಿನಲ್ಲಿರುವ ಗಿಡವೂ ಎಲೆ ಜೋಲಿಸುತ್ತದೆ, ಸಂಜೆಗೆ ತಾನಾಗಿ ಎದ್ದು ನಿಲ್ಲುತ್ತದೆ. ರಾತ್ರಿಯೆಲ್ಲ ತಂಪು ಸಿಕ್ಕಿಯೂ ಬೆಳಗ್ಗೆ ಏಳದ ಗಿಡ ಮಾತ್ರ ನಿಜವಾಗಿ ಕಷ್ಟದಲ್ಲಿದೆ. ಆ ಕಷ್ಟ ಬಾಯಾರಿಕೆಯೋ ಬೇರಿನ ರೋಗವೋ ಎಂಬುದನ್ನು ಮಣ್ಣು ಹೇಳುತ್ತದೆ. ಪರಂಗಿಯಲ್ಲಿ ಕೆಳಗಿನ ಎಲೆ ಹಳದಿಯಾಗಿ, ನೆಲಮಟ್ಟದಲ್ಲಿ ತೊಗಟೆ ನೀರು ಹಿಡಿದಂತೆ ಮೆತ್ತಗಾಗಿದ್ದರೆ ಅದು ಬುಡ ಕೊಳೆ. ಟೊಮೇಟೊದಲ್ಲಿ ಎಲೆ ಹಸಿರಾಗಿದ್ದಂತೆಯೇ ಒಂದು ಗಿಡ ಇದ್ದಕ್ಕಿದ್ದಂತೆ ಸೊರಗಿದರೆ ದುಂಡಾಣು ಸೊರಗು ರೋಗವೆಂದು ಸಂಶಯ ಪಡಬೇಕು. ನೀವು ಬಂದ ಮೇಲೆ ಅದರ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಸಂಶಯ ನಿಜ. ಈ ರೋಗ ನೀರಿನೊಂದಿಗೆ ಹರಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಅದಕ್ಕೇ ಸಾಲಿಗೆ ನೀರು ಹಾಯಿಸದೆ ಕೊಡದಲ್ಲಿ ಗಿಡಗಿಡಕ್ಕೆ ಹಾಕಿಸುವುದು, ಬಾಡಿದ ಗಿಡಕ್ಕೆ ನೀರು ನಿಲ್ಲಿಸುವುದು.

ಟೊಮೇಟೊ ಕಾಯಿಯ ತಳ ಕಪ್ಪಾಗಿ ಒಣಗಿದ್ದರೆ ನೆರೆಯವರು ರೋಗವೆಂದು ಗಾಬರಿಯಾಗಬಹುದು. ಒಮ್ಮೆ ತೀರ ಒಣಗಿಸಿ ಒಮ್ಮೆ ತುಂಬ ನೀರು ಕೊಟ್ಟಾಗ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ಹಾಗಾಗುತ್ತದೆ. ಅಂಥ ಕಾಯಿ ಕಿತ್ತೆಸೆದು, ನೀರನ್ನು ಒಂದೇ ಹದದಲ್ಲಿ ಮುಂದುವರಿಸಿದರೆ ಮುಂದಿನ ಕಾಯಿಗಳು ಸರಿಹೋಗುತ್ತವೆ.

ಔಷಧಿ ಬೇಡವೆಂಬ ಸಾಲನ್ನು ನಮ್ಮ ಭಾಗದಲ್ಲಿ ಮರೆಯಲೇಬಾರದು. ಹುಳು ಕಂಡಿತೆಂದು ನೆರೆಯವರು ಒಳ್ಳೆಯ ಮನಸ್ಸಿನಿಂದ ನಿಮ್ಮ ಕೊಟ್ಟಿಗೆಯಲ್ಲಿ ಉಳಿದ ಕೀಟನಾಶಕವನ್ನು ಸಿಂಪಡಿಸಿದರೆ, ಅದು ಗಾಳಿಯಲ್ಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತದೆ. ಹಿತ್ತಲಿನ ನಾಲ್ಕು ಕಾಯಿ ಉಳಿಸಲು ಹೋಗಿ ಇನ್ನೊಬ್ಬರ ಬೆಳೆಯೇ ಹೋಗುತ್ತದೆ. ಔಷಧಿ ಡಬ್ಬಿಗಳನ್ನು ಬೀಗದೊಳಗೆ ಇಟ್ಟು ಹೊರಡಿ.

ನಡುವೆ ಮಳೆ ಬಂದರೆ

ಏಪ್ರಿಲ್ ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗಿ ಮಳೆ ಬರಬಹುದು. ಮಳೆ ಬಂತೆಂದು ನೆರೆಯವರು ಎಲ್ಲ ಗಿಡಕ್ಕೂ ನೀರು ನಿಲ್ಲಿಸುವುದು ಸಹಜ. ಅದಕ್ಕೆಂದು ನೇರ ಅಂಚಿನ ಒಂದು ಖಾಲಿ ಡಬ್ಬಿಯನ್ನು ಬಯಲಿನಲ್ಲಿ ಇಟ್ಟುಹೋಗಿ. ಅದರಲ್ಲಿ 1 ಸೆಂಟಿಮೀಟರ್, ಅಂದರೆ ಸುಮಾರು ಕಿರುಬೆರಳಿನ ಅಗಲದಷ್ಟು ನೀರು ನಿಂತಿದೆ ಎನ್ನಿ. ಎರಡು ಅಡಿಗೊಂದರಂತೆ ನೆಟ್ಟ ಟೊಮೇಟೊ ಗಿಡವೊಂದರ ಪಾಲಿನ ನೆಲಕ್ಕೆ ಅದರಿಂದ ಸುಮಾರು ಮೂರೂಮುಕ್ಕಾಲು ಲೀಟರ್ ಬಿದ್ದಂತಾಯಿತು, ನಮ್ಮ ಒಂದು ಸರದಿ ಪೂರ್ತಿ ಬಂತು. ಮಾವಿನ 3 ಅಡಿ ಪಾತಿಗೆ ಬಿದ್ದದ್ದು ಆರೂವರೆ ಲೀಟರ್, ಅರ್ಧ ಕೊಡಕ್ಕೂ ಕಡಿಮೆ. ಅದರ ಲೆಕ್ಕ 2 ಕೊಡದ್ದು. ಆದ್ದರಿಂದ ಬೆರಳಗಲದ ಮಳೆಗೆ ಟೊಮೇಟೊದ ಒಂದು ಸರದಿ ಬಿಡಬಹುದು, ಮಾವಿನದನ್ನು ಬಿಡಬಾರದು. ಪರಂಗಿಗೆ ಮಳೆಯಾದ ಮರುದಿನ ಬುಡದಲ್ಲಿ ನೀರು ನಿಂತಿದೆಯೇ ಎಂದು ನೋಡಿ, ನಿಂತಿದ್ದರೆ ಬದುವಿಗೆ ಕಂಡಿ ಮಾಡಿ ಹರಿಯಬಿಡಬೇಕು. ಈ ಮಾತನ್ನೂ ಚೀಟಿಯ ಕೊನೆಗೆ ಎರಡು ಸಾಲಿನಲ್ಲಿ ಸೇರಿಸಿ.

ಚೀಟಿಗೆ ಒಪ್ಪಿಸಲಾಗದ ಗಿಡಗಳು

ಎಲ್ಲವನ್ನೂ ಚೀಟಿಯ ಮೇಲೆ ಬಿಟ್ಟು ಹೋಗಲಾಗದು. ಒಟ್ಟಲು ಪಾತಿಯ ಸಸಿಗೆ, ತಟ್ಟೆಯಲ್ಲಿ ಬೆಳೆಸುವ ಸಸಿಗೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲವೂ ನೀರು ಬೇಕಾಗಬಹುದು. ಅರ್ಧ ದಿನ ತಪ್ಪಿದರೆ ಸುಟ್ಟುಹೋಗುತ್ತದೆ, ಹೆಚ್ಚಾದರೆ ಬುಡ ಕೊಳೆತು ಮಲಗುತ್ತದೆ. ನಾಟಿ ಮಾಡಿ ಎರಡು ವಾರ ತುಂಬದ ಗಿಡವೂ ಹಾಗೆಯೇ, ಬೇರು ಇನ್ನೂ ನೆಲ ಹಿಡಿದಿರುವುದಿಲ್ಲ. ಹೋಗುವ ದಿನ ಮೊದಲೇ ಗೊತ್ತಿದ್ದರೆ ಬಿತ್ತನೆ, ನಾಟಿಯನ್ನು ಬಂದ ಮೇಲೆ ಇಟ್ಟುಕೊಳ್ಳಿ. ತಪ್ಪಿಸಲಾಗದಿದ್ದರೆ ತಟ್ಟೆಗಳನ್ನೇ ನೆರೆಮನೆಯ ನೆರಳಿಗೆ ಸಾಗಿಸಿ, ಅವರ ಕಣ್ಣಿನ ಮುಂದೆಯೇ ಇರಲಿ.

ಊರಿನಿಂದ ಬಂದ ದಿನ ಮೊದಲು ಒಂದು ಮಾವು, ಒಂದು ಪರಂಗಿಯ ಬುಡ ಅಗೆದು ಮಣ್ಣು ಹಿಡಿದು ನೋಡಿ. ಹದವಾಗಿ ಉಂಡೆ ಕಟ್ಟಿದರೆ ಚೀಟಿ ಸರಿಯಾಗಿತ್ತು. ತೀರ ಒಣಗಿದ್ದರೆ ಅಥವಾ ಕೆಸರಾಗಿದ್ದರೆ ಕೊಡದ ಲೆಕ್ಕ ನಿಮ್ಮ ಮಣ್ಣಿಗೆ ಹೊಂದಿಲ್ಲವೆಂದು ಅರ್ಥ. ಆಗ ಯಾವ ದಿನ ನೀರು ಬೇಕೆನಿಸಿತು, ಯಾವ ದಿನ ಬಿಟ್ಟರು ಎಂದು ನೆರೆಯವರನ್ನೇ ಕೇಳಿ, ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಅವರು ಊರಿಗೆ ಹೊರಟಾಗ ಅವರ ಹಿತ್ತಲಿಗೆ ಕೊಡ ಹೊರುವವರು ನೀವೇ ಆಗಿರುತ್ತೀರಿ. ಆಗ ಆ ಚೀಟಿ ನಿಮ್ಮಿಬ್ಬರ ಉಪಯೋಗಕ್ಕೂ ಬರುತ್ತದೆ.